ಅಡ್ವಾನ್ಸ್ ಕೊಡುವ ಮುಂಚೆ ಸೈಟಿನ ಪತ್ರ ನೋಡಿಕೊಡಿ

ನಮಸ್ಕಾರ ಮೇಡಂ,

ಮೈಸೂರಿನ ಇಲವಾಲ ಕಡೆ 30x40 ಸೈಟ್ ಒಂದನ್ನು ನೋಡಿದ್ದೇವೆ. ಮಾರುವವರು ಶುಕ್ರವಾರದೊಳಗೆ 3 ಲಕ್ಷ ಅಡ್ವಾನ್ಸ್ ಕೇಳುತ್ತಿದ್ದಾರೆ. ನೀವು ಸರಿ ಅನ್ನುವವರೆಗೆ ಒಂದು ರೂಪಾಯಿಯೂ ಕೊಡುವುದಿಲ್ಲ ಎಂದು ಹೇಳಿದ್ದೇನೆ.

ಕ್ರಯಪತ್ರ, ಭೂಪರಿವರ್ತನೆ ಆದೇಶ, ಲೇಔಟ್ ನಕ್ಷೆ, ಇ-ಖಾತಾ, ಕಂದಾಯ ರಸೀದಿಗಳ ಜೆರಾಕ್ಸ್ ಕಳಿಸಿದ್ದೇನೆ. ಅವರು ಕೊಟ್ಟ ಇಸಿ 2010ರಿಂದ ಮಾತ್ರ ಇದೆ. 30 ವರ್ಷದ್ದು ಬೇಕು ಅಲ್ವಾ? ನೀವೇ ತೆಗೆಸಿ, ಖರ್ಚು ಕೊಡುತ್ತೇನೆ.

ಎರಡು ವಿಷಯ ಮನಸ್ಸಿಗೆ ಕೊರೆಯುತ್ತಿದೆ. ಇಸಿಯಲ್ಲಿ 2014ರ ಅಡಮಾನದ ನಮೂದಿದೆ, ತೀರುವಳಿ ಆದದ್ದು ಕಾಣುವುದಿಲ್ಲ. ಸಾಲ ಯಾವತ್ತೋ ತೀರಿದೆ ಅನ್ನುತ್ತಾರೆ, ಆದರೆ ಕಾಗದ ತೋರಿಸುತ್ತಿಲ್ಲ. ಇನ್ನೊಂದು, ಜಮೀನು ಮೊದಲು ಅಣ್ಣತಮ್ಮಂದಿರ ಜಂಟಿ ಆಸ್ತಿ. ವಿಭಾಗಪತ್ರದಲ್ಲಿ ಮೂವರು ಗಂಡುಮಕ್ಕಳ ಸಹಿ ಇದೆ, ವಂಶವೃಕ್ಷದಲ್ಲಿರುವ ಅಕ್ಕನ ಸಹಿ ಇಲ್ಲ. ನಾಳೆ ಅವರು ಪಾಲು ಕೇಳಿದರೆ ನಮ್ಮ ಗತಿ ಏನು? ಇದನ್ನು ದಯವಿಟ್ಟು ಚೆನ್ನಾಗಿ ನೋಡಿ.

ಕೋರ್ಟಿನಲ್ಲಿ ದಾವೆ ಇದೆಯಾ, ಚಕ್ಕುಬಂದಿ ನಕ್ಷೆಗೆ ಹೊಂದುತ್ತದಾ ಅನ್ನುವುದೂ ತಿಳಿಯಬೇಕು. ಇದು ಅಪ್ಪನ ರಿಟೈರ್‌ಮೆಂಟ್ ದುಡ್ಡು, ಮೇಡಂ. ಅಭಿಪ್ರಾಯವನ್ನು ಬರಹದಲ್ಲೇ ಕೊಡಿ. ನಿಮ್ಮ ಫೀಸ್ ತಿಳಿಸಿ. ಅಸಲು ಪತ್ರ ನೋಡಬೇಕಿದ್ದರೆ ಮಾರುವವರನ್ನೇ ಬುಧವಾರ ಸಂಜೆ ನಿಮ್ಮ ಆಫೀಸಿಗೆ ಕರೆದುಕೊಂಡು ಬರುತ್ತೇನೆ.