ಹಣ ಹಾಕುವ ಮೊದಲು ಇದನ್ನು ಓದಿ

ಈ ಮ್ಯೂಚುವಲ್ ಫಂಡ್ ನಿಮ್ಮ ಹಣವನ್ನು ಹೆಚ್ಚಾಗಿ ಕಂಪನಿಗಳ ಷೇರುಗಳಲ್ಲಿ ಹಾಕುತ್ತದೆ. ಷೇರು ಬಿದ್ದರೆ ನಿಮ್ಮ ಹಣವೂ ಕರಗುತ್ತದೆ. ಹಾಕಿದ ಅಸಲೇ ಪೂರ್ತಿ ವಾಪಸ್ ಬಾರದೆ ಇರಬಹುದು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್, ಅದೇ ವರ್ಷದ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಇಳಿದಿತ್ತು. ಅಂಥದ್ದು ಮತ್ತೆ ಆಗಬಹುದು.

ಇದು ಬ್ಯಾಂಕಿನ ಎಫ್‌ಡಿ ಅಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಇದಕ್ಕೆ ಇಲ್ಲ. ಇಷ್ಟೇ ಲಾಭ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹೇಳಿದವರು ನಮ್ಮ ಏಜೆಂಟರೇ ಆಗಿದ್ದರೂ. ಹೋದ ವರ್ಷದ ಲಾಭ ತೋರಿಸುವ ಪಟ್ಟಿ ನೋಡೋಕೆ ಚೆನ್ನಾಗಿರುತ್ತದೆ, ಅಷ್ಟೇ. ಮುಂದಿನ ವರ್ಷಕ್ಕೆ ಅದು ಖಾತ್ರಿಯಲ್ಲ.

ಫಂಡ್ ನಡೆಸುವ ಖರ್ಚು ವರ್ಷಕ್ಕೆ ಶೇ 1.8. ಒಂದು ಲಕ್ಷಕ್ಕೆ ಸುಮಾರು 1,800 ರೂಪಾಯಿ. ಇದಕ್ಕೆ ಬೇರೆ ಬಿಲ್ ಬರುವುದಿಲ್ಲ, ದಿನದಿನವೂ ಎನ್‌ಎವಿಯಲ್ಲೇ, ಅಂದರೆ ಫಂಡಿನ ಒಂದು ಯೂನಿಟ್ ಬೆಲೆಯಲ್ಲೇ, ಮುರಿದುಕೊಳ್ಳುತ್ತೇವೆ. ನಷ್ಟವಾದ ವರ್ಷವೂ ಈ ಖರ್ಚು ತಪ್ಪುವುದಿಲ್ಲ. ಏಜೆಂಟರ ಕಮಿಷನ್ ಕೂಡ ಇದರೊಳಗೇ ಇದೆ. ಏಜೆಂಟರಿಲ್ಲದೆ ನೇರವಾಗಿ ಹಣ ಹಾಕುವ ಡೈರೆಕ್ಟ್ ಪ್ಲಾನ್‌ನಲ್ಲಿ ಕಮಿಷನ್ ಇಲ್ಲ, ಹಾಗಾಗಿ ಖರ್ಚು ಕಡಿಮೆ.

ಒಂದು ವರ್ಷದೊಳಗೆ ಹಣ ತೆಗೆದರೆ ಶೇ 1 ಕಡಿತ: 50,000 ತೆಗೆದರೆ 500 ರೂಪಾಯಿ. ಎಸ್‌ಐಪಿ, ಅಂದರೆ ತಿಂಗಳ ಕಂತು, ಕಟ್ಟುವವರು ಗಮನಿಸಿ, ಪ್ರತಿ ಕಂತಿಗೂ ಅದರದೇ ಒಂದು ವರ್ಷ. ಮೊದಲ ಕಂತಿಗೆ ವರ್ಷ ತುಂಬಿದರೂ ಹೋದ ತಿಂಗಳ ಕಂತಿಗೆ ತುಂಬಿರುವುದಿಲ್ಲ, ಅಲ್ವಾ?

ಮೂರ್ನಾಲ್ಕು ವರ್ಷದೊಳಗೆ ಮದುವೆಗೋ ಕಾಲೇಜು ಫೀಸಿಗೋ ಬೇಕಾಗುವ ಹಣವನ್ನು ಇಲ್ಲಿ ಹಾಕಬೇಡಿ. ದೂರಿದ್ದರೆ ಮೊದಲು ನಮಗೆ ಬರೆಯಿರಿ. ಪರಿಹಾರ ಸಿಗದಿದ್ದರೆ ಷೇರುಪೇಟೆ ನಿಯಂತ್ರಕ ಸೆಬಿಯ scores.sebi.gov.in ತಾಣದಲ್ಲಿ ದೂರು ಕೊಡಿ.