ಲಾಭದ ರ‍್ಯಾಂಕ್, ಅಗ್ಗದ ರ‍್ಯಾಂಕ್: ಬೆಳಗಾವಿ ಬಳಗದ ಜೂನ್ 2025ರ ಷೇರು ಸೋಸುವ ಕ್ರಮ

ಬೆಳಗಾವಿಯ ನಮ್ಮ ಹೂಡಿಕೆ ಬಳಗದ ಪ್ರತಿ ಸದಸ್ಯರು ತಮ್ಮ ತಮ್ಮ ಡಿಮ್ಯಾಟ್ ಖಾತೆಯಲ್ಲಿ ನಡೆಸುವ 20 ಕಂಪನಿಗಳ ಪಟ್ಟಿಗೆ ಈ ಕ್ರಮ. ಲೆಕ್ಕಗಳಿಗೆ ಸುಮಾರು 6.40 ಲಕ್ಷ ರೂಪಾಯಿಯ ಒಂದು ಖಾತೆಯನ್ನು ಮಾದರಿಯಾಗಿ ಹಿಡಿದಿದ್ದೇವೆ. ವರ್ಷಕ್ಕೊಮ್ಮೆ ಸೋಸುವುದು, ವರ್ಷಕ್ಕೊಮ್ಮೆ ಬದಲಿಸುವುದು. ನಡುವೆ ಕೈ ಹಚ್ಚುವುದಿಲ್ಲ.

ಯಾವಾಗ

ಲಿಸ್ಟೆಡ್ ಕಂಪನಿಗಳು ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು 60 ದಿನದೊಳಗೆ, ಅಂದರೆ ಮೇ 30ರೊಳಗೆ ಕೊಡಬೇಕು. ಮೇ ನಡುವೆಯೇ ಸೋಸಿದರೆ ಅರ್ಧ ಕಂಪನಿಗಳ ಹೊಸ ಲೆಕ್ಕ, ಇನ್ನರ್ಧದ ಹಳೆ ಲೆಕ್ಕ ಕಲಬೆರಕೆಯಾಗಿ ರ‍್ಯಾಂಕಿಗೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಬೆಲೆಗಳು ಜೂನ್ 13ರ ಶುಕ್ರವಾರದ ಮುಕ್ತಾಯದವು. ಸೋಸುವುದು ಶನಿವಾರ, ಭಾನುವಾರ. ವ್ಯವಹಾರ ಜೂನ್ 16ರ ಸೋಮವಾರದಿಂದ.

ಈ ದಿನಾಂಕಕ್ಕೆ ಇನ್ನೊಂದು ಕಾರಣವೂ ಇದೆ. ಹೋದ ವರ್ಷದ ಖರೀದಿ ಜೂನ್ 10ರಿಂದ 12ರವರೆಗೆ ನಡೆದಿತ್ತು. ಹನ್ನೆರಡು ತಿಂಗಳು ದಾಟಿದ ಮೇಲೆ ಮಾರಿದರೆ ಮಾತ್ರ ಲಾಭ ದೀರ್ಘಾವಧಿಯದಾಗುತ್ತದೆ: ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5%. ಅದಕ್ಕೆ ಮೊದಲೇ ಮಾರಿದರೆ 20%. ಈ ಸಲ ಮಾದರಿ ಖಾತೆಯಿಂದ ಹೊರಹೋಗುವ ಷೇರುಗಳ ಒಟ್ಟು ಲಾಭ 58,000 ರೂಪಾಯಿ. ಬೇರೆ ದೀರ್ಘಾವಧಿ ಲಾಭ ಇಲ್ಲದವರಿಗೆ ಇದಕ್ಕೆ ತೆರಿಗೆ ಸೊನ್ನೆ. ಅವಸರ ಮಾಡಿ ಒಂದು ವಾರ ಮೊದಲೇ ಮಾರಿದ್ದರೆ 11,600 ರೂಪಾಯಿ, ಮೇಲೆ ಸೆಸ್ ಬೇರೆ.

ಯಾವ ಕಂಪನಿಗಳು

ನಿಫ್ಟಿ 500 ಪಟ್ಟಿಯಿಂದ ಬ್ಯಾಂಕ್, ಎನ್‌ಬಿಎಫ್‌ಸಿ, ವಿಮಾ ಕಂಪನಿಗಳನ್ನು ತೆಗೆಯಿರಿ. ಅವುಗಳಿಗೆ ಸಾಲವೇ ಕಚ್ಚಾ ಮಾಲು, ಈ ಲೆಕ್ಕ ಅವಕ್ಕೆ ಹೊಂದದು. ದಿನದ ಸರಾಸರಿ ವಹಿವಾಟು 2 ಕೋಟಿಗಿಂತ ಕಡಿಮೆ ಇದ್ದವು, ಬಡ್ಡಿ ಮತ್ತು ತೆರಿಗೆಗೆ ಮೊದಲಿನ ಲಾಭವಾದ ಇಬಿಟ್ ಋಣಾತ್ಮಕ ಇದ್ದವು ಬೇಡ. ಉಳಿದವು 340. ಈಗಾಗಲೇ ನಮ್ಮ ಕೈಯಲ್ಲಿದ್ದು ಸೂಚ್ಯಂಕದಿಂದ ಹೊರಬಿದ್ದ ಕಂಪನಿಯನ್ನೂ ಈ 340ರೊಳಗೇ ಇಟ್ಟು ರ‍್ಯಾಂಕ್ ಕೊಡಬೇಕು. ಸೂಚ್ಯಂಕದಿಂದ ಹೋದದ್ದು ಮಾರುವುದಕ್ಕೆ ಕಾರಣವಲ್ಲ.

ಲೆಕ್ಕ

ಎಲ್ಲ ಅಂಕಿಯೂ ಕನ್ಸಾಲಿಡೇಟೆಡ್, ಎಲ್ಲವೂ ಕೋಟಿಗಳಲ್ಲಿ. B ಮಾರ್ಕೆಟ್ ಕ್ಯಾಪ್, C ಒಟ್ಟು ಸಾಲ ಮತ್ತು ಮೈನಾರಿಟಿ ಪಾಲು, D ನಗದು, E ಇಬಿಟ್, F ತೊಡಗಿಸಿದ ಬಂಡವಾಳ, ಅಂದರೆ ನಿವ್ವಳ ಸ್ಥಿರಾಸ್ತಿ ಮತ್ತು ನಗದು ಬಿಟ್ಟ ದುಡಿಯುವ ಬಂಡವಾಳ. G ಬಂಡವಾಳದ ಮೇಲಿನ ಲಾಭ, H ಬೆಲೆಯ ಮೇಲಿನ ಲಾಭ, ಅಂದರೆ ಅಗ್ಗದ ಅಳತೆ; I, J ಅವೆರಡರ ರ‍್ಯಾಂಕ್, K ಮೊತ್ತ, L ಕೊನೆಯ ರ‍್ಯಾಂಕ್.

```
G2  =E2/F2
H2  =E2/(B2+C2-D2)
I2  =RANK(G2,G$2:G$341,0)
J2  =RANK(H2,H$2:H$341,0)
K2  =I2+J2
L2  =RANK(K2,K$2:K$341,1)+COUNTIFS(K$2:K$341,K2,J$2:J$341,"<"&J2)
```

ಇಬಿಟ್ ಎಂದರೆ ಕಾರ್ಯಾಚರಣೆಯ ಲಾಭದಲ್ಲಿ ಸವಕಳಿ ಕಳೆದದ್ದು. ಇತರ ಆದಾಯ ಸೇರಿಸಬಾರದು. ಇಲ್ಲಿ ಎಡವುವವರೇ ಹೆಚ್ಚು: H ಕಾಲಮ್ಮಿನಲ್ಲಿ ನಗದನ್ನು ಕಳೆದಾಗಿದೆ, ಆ ನಗದಿನ ಬಡ್ಡಿಯನ್ನು E ಕಾಲಮ್ಮಿನಲ್ಲಿ ಉಳಿಸಿಕೊಂಡರೆ ಒಂದೇ ಹಣಕ್ಕೆ ಎರಡು ಸಲ ಅಂಕ ಕೊಟ್ಟಂತೆ. ನಗದು ತುಂಬಿದ ಕಂಪನಿಗಳು ಸುಮ್ಮನೆ ಮೇಲೇರುತ್ತವೆ. ನಗದು ತುಂಬಾ ಇದ್ದು H ಕಾಲಮ್ಮಿನ ಛೇದವೇ ಸೊನ್ನೆಗಿಂತ ಕೆಳಗೆ ಹೋದ ಕಂಪನಿಯನ್ನು ಪಟ್ಟಿಯಿಂದ ತೆಗೆದು ಕೈಯಿಂದ ಪರಿಶೀಲಿಸಿ. ಸೂತ್ರ ಅದನ್ನು ತಪ್ಪಾಗಿ ಕೊನೆಗೆ ತಳ್ಳುತ್ತದೆ.

ಉದಾಹರಣೆಗೆ ಎರಡು ಕಾಲ್ಪನಿಕ ಕಂಪನಿಗಳು. ಮೊದಲನೆಯದು: ಮಾರ್ಕೆಟ್ ಕ್ಯಾಪ್ 4,200, ಸಾಲ 600, ನಗದು 300, ಇಬಿಟ್ 540, ಬಂಡವಾಳ 1,800. ಬಂಡವಾಳದ ಮೇಲೆ 30%, ಬೆಲೆಯ ಮೇಲೆ 12%. ಎರಡನೆಯದು: 2,000, 1,100, 100, 450, 3,750. ಬಂಡವಾಳದ ಮೇಲೆ 12%, ಬೆಲೆಯ ಮೇಲೆ 15%. ಅಗ್ಗ ಮಾತ್ರ ನೋಡಿದರೆ ಎರಡನೆಯದೇ ಮುಂದೆ. ಆದರೆ ರ‍್ಯಾಂಕ್ ಕೂಡಿಸಿದಾಗ ಮೊದಲನೆಯದು 48 ಮತ್ತು 62 ಸೇರಿ 110, ಎರಡನೆಯದು 210 ಮತ್ತು 21 ಸೇರಿ 231. ಮೊತ್ತ ಕಡಿಮೆ ಇದ್ದದ್ದು ಮೇಲೆ. ಮೊತ್ತ ಸಮವಾದರೆ ಅಗ್ಗದ ಕಂಪನಿಗೆ ಆದ್ಯತೆ, L ಕಾಲಮ್ ಅದನ್ನೇ ಮಾಡುತ್ತದೆ.

ಸಕ್ಕರೆ ಮತ್ತು ಅದರಂಥವು

ನಮ್ಮ ಭಾಗದವರು ಇದನ್ನು ಗಮನವಿಟ್ಟು ಓದಬೇಕು. ಸಕ್ಕರೆ, ಸಿಮೆಂಟ್, ಉಕ್ಕು, ರಾಸಾಯನಿಕ ಕಂಪನಿಗಳು ಲಾಭದ ಉಚ್ಛ್ರಾಯದಲ್ಲೇ ಈ ಸೋಸುವಿಕೆಯಲ್ಲಿ ಮೇಲೆ ಬರುತ್ತವೆ. ಆ ಲಾಭ ನಿಲ್ಲುವುದಿಲ್ಲ ಎಂದು ಮಾರುಕಟ್ಟೆ ಮೊದಲೇ ಬೆಲೆ ಇಳಿಸಿರುತ್ತದೆ, ನಮ್ಮ ಹಾಳೆಗೆ ಅದು ಅಗ್ಗವಾಗಿ ಕಾಣುತ್ತದೆ. ಆದ್ದರಿಂದ ಈ ವರ್ಷದ ಇಬಿಟ್ ಐದು ವರ್ಷದ ಸರಾಸರಿಯ ಒಂದೂವರೆ ಪಟ್ಟು ಮೀರಿದರೆ E ಕಾಲಮ್ಮಿಗೆ ಸರಾಸರಿಯನ್ನೇ ಹಾಕಿ.

ಸಕ್ಕರೆಗೆ ಇನ್ನೊಂದು ತೊಡಕು. ಕಬ್ಬು ಅರೆಯುವ ಹಂಗಾಮು ಮುಗಿಯುವ ಮಾರ್ಚ್‌ನಲ್ಲಿ ಗೋದಾಮು ತುಂಬಿರುತ್ತದೆ, ಅದರ ಮೇಲಿನ ಬ್ಯಾಂಕ್ ಸಾಲವೂ ತುಂಬಿರುತ್ತದೆ. ಮಾರ್ಚ್ 31ರ ಒಂದೇ ದಿನದ ಸಾಲ ಹಿಡಿದರೆ ವರ್ಷವಿಡೀ ಅಷ್ಟೇ ಸಾಲ ಇತ್ತು ಎಂಬ ತಪ್ಪು ಚಿತ್ರ ಸಿಗುತ್ತದೆ. ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟೂ ಪ್ರಕಟವಾಗುತ್ತದೆ; C ಮತ್ತು F ಎರಡಕ್ಕೂ ಎರಡರ ಸರಾಸರಿ ಹಾಕಿ.

ಒಂದು ವಲಯದಿಂದ ಮೂರೇ ಕಂಪನಿ, ಸಕ್ಕರೆಯಿಂದ ಒಂದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳ ಗಳಿಕೆ ಮೊದಲೇ ಕಬ್ಬಿನ ಬಿಲ್ಲಿಗೆ ಕಟ್ಟಿಕೊಂಡಿದೆ. ಬಿಲ್ಲು ತಡವಾದ ವರ್ಷವೇ ಷೇರೂ ಬಿದ್ದರೆ ತಡೆದುಕೊಳ್ಳುವುದು ಕಷ್ಟ.

ಬದಲಾವಣೆ

ಖರೀದಿಗೆ ಮೊದಲ 20ರೊಳಗೆ ಇರಬೇಕು. ಕೈಯಲ್ಲಿದ್ದದ್ದು 40ರೊಳಗೆ ಇದ್ದರೆ ಮಾರಬೇಡಿ. ಈ ಅಂತರ ಇಲ್ಲದಿದ್ದರೆ 19ರಲ್ಲಿದ್ದದ್ದು 23ಕ್ಕೆ ಜಾರಿತೆಂದು ಮಾರುವ, ಮುಂದಿನ ವರ್ಷ ಮತ್ತೆ ಕೊಳ್ಳುವ ವ್ಯರ್ಥ ಓಡಾಟ ಶುರುವಾಗುತ್ತದೆ. ಜಾಗ ಖಾಲಿಯಾದಷ್ಟೇ ಹೊಸವು, ಒಂದಕ್ಕೆ 30,000 ರೂಪಾಯಿ.

ರ‍್ಯಾಂಕ್ ಇದ್ದರೂ ಕೈಬಿಡಲು ಮೂರೇ ಕಾರಣ: ಲೆಕ್ಕಪರಿಶೋಧಕರ ಆಕ್ಷೇಪ ಅಥವಾ ನಡುವೆ ರಾಜೀನಾಮೆ, ಷೇರು ವಿನಿಮಯ ಕೇಂದ್ರಗಳು ವಿಶೇಷ ನಿಗಾ ಇಡುವ ಎಎಸ್‌ಎಂ, ಜಿಎಸ್‌ಎಂ ಪಟ್ಟಿಯಲ್ಲಿರುವುದು, ಪ್ರವರ್ತಕರ ಷೇರಿನಲ್ಲಿ 25%ಗಿಂತ ಹೆಚ್ಚು ಅಡವಿರುವುದು. "ಈ ಕಂಪನಿ ಯಾಕೋ ಮನಸ್ಸಿಗೆ ಬರುತ್ತಿಲ್ಲ" ಎಂಬುದು ಕಾರಣವಲ್ಲ. ಈ ಪಟ್ಟಿಯ ಕಂಪನಿಗಳು ಅಗ್ಗವಾಗಿರುವುದೇ ಯಾರ ಮನಸ್ಸಿಗೂ ಬರದಿರುವುದರಿಂದ.

ಟರ್ನೋವರ್ ತಾಳೆ: ಆರ್ಡರ್ ಹಾಕುವ ಮೊದಲು

ಟರ್ನೋವರ್ ಎಂದರೆ ಖಾತೆಯ ಎಷ್ಟು ಪಾಲು ಬದಲಾಗುತ್ತಿದೆ ಎಂಬುದು. ಮಾರಾಟ, ಖರೀದಿ ಎರಡರಲ್ಲಿ ಕಡಿಮೆ ಇರುವುದನ್ನು ಒಟ್ಟು ಮೌಲ್ಯದಿಂದ ಭಾಗಿಸಿ. ಈ ಸಲ 20ರಲ್ಲಿ 9 ಉಳಿದಿವೆ, 11 ಹೋಗುತ್ತಿವೆ. ಮಾರಾಟ 3.36 ಲಕ್ಷ, ಖರೀದಿ 3.30 ಲಕ್ಷ. 3.30 ಭಾಗಿಸು 6.40, ಸುಮಾರು 52%.

ನಾವು ಇಟ್ಟುಕೊಂಡ ಮಿತಿ 35%ರಿಂದ 65%. ಅದರ ಆಚೆ ಹೋದರೆ ನಿಲ್ಲಿಸಿ, ಹಾಳೆ ತಪ್ಪಿದೆ ಎಂದೇ ಹಿಡಿದು ಹುಡುಕಿ. "ಮಾರುಕಟ್ಟೆ ಪೂರ್ತಿ ಬಿದ್ದಿದೆ, ಅದಕ್ಕೇ ಇಷ್ಟು ಬದಲಾವಣೆ" ಎಂಬ ವಿವರಣೆ ಒಪ್ಪಬೇಡಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಬಿದ್ದರೆ ಕ್ರಮ ಹೆಚ್ಚೇನೂ ಅದಲುಬದಲಾಗುವುದಿಲ್ಲ.

ಹೆಚ್ಚು ಬಂದರೆ ಮೊದಲು ಬೋನಸ್ ಮತ್ತು ಸ್ಪ್ಲಿಟ್ ನೋಡಿ: 1:1 ಬೋನಸ್ ಆದ ಮೇಲಿನ ಬೆಲೆಗೆ ಹಳೆಯ ಷೇರು ಸಂಖ್ಯೆ ಗುಣಿಸಿದರೆ ಮಾರ್ಕೆಟ್ ಕ್ಯಾಪ್ ಅರ್ಧವಾಗಿ ಆ ಕಂಪನಿ ತುದಿಗೇರುತ್ತದೆ. ನಂತರ ಲಕ್ಷ ಮತ್ತು ಕೋಟಿ ಬೆರೆತಿದೆಯೇ, ಸ್ಟ್ಯಾಂಡ್‌ಅಲೋನ್ ಲಾಭಕ್ಕೆ ಕನ್ಸಾಲಿಡೇಟೆಡ್ ಸಾಲ ಜೋಡಿಸಿದೆಯೇ ನೋಡಿ. ಕಡಿಮೆ ಬಂದರೆ ಹಳೆಯ ಹಾಳೆಯೇ ಕುಳಿತಿರುತ್ತದೆ. E ಕಾಲಮ್ಮನ್ನು ಹೋದ ವರ್ಷದ್ದರ ಪಕ್ಕ ಇಟ್ಟು ಕಳೆಯಿರಿ. ಸಾಲುಸಾಲು ಸೊನ್ನೆ ಬಂದರೆ ಹೊಸ ಲೆಕ್ಕ ಸೇರಿಯೇ ಇಲ್ಲ.

52% ಮಿತಿಯೊಳಗಿದೆ ಎಂದು ಅಲ್ಲಿಗೇ ಬಿಡಬೇಡಿ. ಹೋಗುವ ಹನ್ನೊಂದರ ಎದುರೂ ಒಂದು ಪದ ಬರೆಯಿರಿ: "ಬೆಲೆ" (ಏರಿ ಅಗ್ಗ ಉಳಿದಿಲ್ಲ), "ಲಾಭ" (ಕುಸಿದಿದೆ), "ನಿಯಮ" (ಮೂರು ಕಾರಣಗಳಲ್ಲೊಂದು). ಈ ಸಲ ಬೆಲೆ 6, ಲಾಭ 4, ನಿಯಮ 1. ಯಾವುದೂ ಹೊಂದದ ಒಂದು ಹೆಸರು ಉಳಿದರೂ ಅದರ ಬ್ಯಾಲೆನ್ಸ್ ಶೀಟ್ ತೆರೆದು ಅಂಕಿ ತಾಳೆ ನೋಡುವವರೆಗೆ ಆರ್ಡರ್ ಇಲ್ಲ.

ಖರ್ಚು: 6.66 ಲಕ್ಷದ ಒಟ್ಟು ವ್ಯವಹಾರಕ್ಕೆ 0.1% ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, 666 ರೂಪಾಯಿ, ಖರೀದಿಗೆ 0.015% ಸ್ಟ್ಯಾಂಪ್ ಸುಂಕ ಸುಮಾರು 50, ಮಾರಿದ ಪ್ರತಿ ಕಂಪನಿಗೂ ಡಿಪಿ ಶುಲ್ಕ. ದೊಡ್ಡ ಖರ್ಚು ಬಿಲ್ಲಿನಲ್ಲಿ ಕಾಣದ್ದು: ಮಾರ್ಕೆಟ್ ಆರ್ಡರಿನಲ್ಲಿ ಅರ್ಧ ಪ್ರತಿಶತ ಜಾರಿದರೆ 3,330 ರೂಪಾಯಿ. ಆದ್ದರಿಂದ ಲಿಮಿಟ್ ಆರ್ಡರ್ ಮಾತ್ರ, ಬೆಳಿಗ್ಗೆ 10 ಗಂಟೆಯ ನಂತರ. ಸೋಮವಾರ, ಮಂಗಳವಾರ ಮಾರಾಟ. ಹಣ ಮರುದಿನ ಖಾತೆಗೆ. ಬುಧವಾರ, ಗುರುವಾರ ಖರೀದಿ. ಶುಕ್ರವಾರ ಮಧ್ಯಾಹ್ನಕ್ಕೂ ಸಿಗದೆ ಉಳಿದದ್ದನ್ನು ಆಗಿನ ಬೆಲೆಗೇ ಮುಗಿಸಿ. ಮುಂದಿನ ಸಲ ಮಾರಾಟ 22 ಜೂನ್ 2026ರಿಂದ.