ತೊಡೆಗೆ ಚುಚ್ಚಿದ ಮೇಲೆ ಒಳಗೆ ಏನಾಗುತ್ತೆ?

ಎರಡು ನಿಮಿಷದ ಅನಿಮೇಷನ್ ವಿಡಿಯೊ. ಮಗುವಿಗೆ ಪೆಂಟಾ ಹಾಕಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅರ್ಧ ಗಂಟೆ ಕಾಯುವವರಿಗೆ ಟಿವಿಯಲ್ಲಿ ತೋರಿಸಲು.

ಧ್ವನಿ ಕೊಡುವವರಿಗೆ: ಸುತ್ತ ಮಕ್ಕಳು ಅಳುತ್ತಿರುತ್ತವೆ. ಭಾಷಣದ ಧಾಟಿ ಬೇಡ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರಲಿ.

0:00–0:12

ದೃಶ್ಯ: ಬೆಂಚಿನ ಮೇಲೆ ತಾಯಿ, ಮಡಿಲಲ್ಲಿ ಒಂದೂವರೆ ತಿಂಗಳ ಮಗು. ತೊಡೆಯ ಮೇಲೆ ಹತ್ತಿ ಒತ್ತಿ ಹಿಡಿದಿದ್ದಾಳೆ.

ಧ್ವನಿ: ಅರ್ಧ ಗಂಟೆ ಇಲ್ಲೇ ಕೂತಿರಿ ಅಂತ ಸಿಸ್ಟರ್ ಹೇಳಿದ್ದಾರೆ ಅಲ್ವಾ? ಅಷ್ಟರಲ್ಲಿ ಮಗುವಿನ ತೊಡೆಯೊಳಗೆ ಏನು ಶುರುವಾಗಿದೆ ನೋಡೋಣ. ಪೆಂಟಾದಲ್ಲಿ ಐದು ಕಾಯಿಲೆಗಳ ಲಸಿಕೆ ಇದೆ. ಎಲ್ಲ ಹೇಳಲು ಹೊತ್ತಿಲ್ಲ. ಧನುರ್ವಾಯು ಒಂದನ್ನೇ ಹಿಡಿಯೋಣ.

0:12–0:34

ದೃಶ್ಯ: ತೋಟದ ಮಣ್ಣು, ಬರಿಗಾಲು, ಚುಚ್ಚಿದ ಮುಳ್ಳು. ಗಾಯದಿಂದ ಕೆಂಪು ಚುಕ್ಕಿಗಳು ನರದ ಕಡೆ ಸಾಗುತ್ತವೆ. ರೋಗಿಯ ಮುಖ ತೋರಿಸಬೇಡಿ. ನೋಡುವವರ ಮಡಿಲಲ್ಲಿ ಕೂಸಿದೆ.

ಧ್ವನಿ: ಇದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಗಾಯಕ್ಕೆ ಸೇರಿದರೆ ವಿಷ ಬಿಡುತ್ತದೆ. ವಿಷ ನರಕ್ಕೆ ಏರಿದರೆ ದವಡೆ ಕಚ್ಚಿಕೊಳ್ಳುತ್ತದೆ, ಮೈ ಸೆಟೆಯುತ್ತದೆ. ಎಂಥ ವಿಷ ಅಂದರೆ, ಜೀವ ತೆಗೆಯಲು ಚೂರೇ ಚೂರು ಸಾಕು. ಅಷ್ಟು ಚೂರಿನಿಂದ ಮೈ ಏನನ್ನೂ ಕಲಿಯುವುದಿಲ್ಲ. ಅದಕ್ಕೇ ಧನುರ್ವಾಯು ಬಂದು ವಾಸಿಯಾದವರಿಗೂ ಲಸಿಕೆ ಹಾಕಲೇಬೇಕು.

0:34–0:56

ದೃಶ್ಯ: ಕೆಂಪು ಚುಕ್ಕಿ ಬೂದು ಬಣ್ಣಕ್ಕೆ ತಿರುಗುತ್ತದೆ, ಆಕಾರ ಹಾಗೇ ಇದೆ. ಬಿಳಿ ರಕ್ತಕಣಗಳು ಅದನ್ನು ಹೊತ್ತು ತೊಡೆಸಂದಿಯತ್ತ ಹೊರಡುತ್ತವೆ.

ಧ್ವನಿ: ಲಸಿಕೆಯಲ್ಲಿ ಇರೋದೂ ಅದೇ ವಿಷ. ಆದರೆ ಅದರ ಕೆಡುಕು ತೆಗೆದಿರುತ್ತಾರೆ, ಆಕಾರ ಉಳಿಸಿರುತ್ತಾರೆ. ಜೊತೆಗೆ ಮೈಯನ್ನು ಎಚ್ಚರಿಸಲು ಚೂರು ಅಲ್ಯೂಮಿನಿಯಂ ಲವಣ. ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಚುಚ್ಚಿದ ಜಾಗ ಕೆಂಪಗಾಗೋದು, ಊದೋದು ಇದರಿಂದಲೇ. ಕೆಲವು ಕಣಗಳು ಲಸಿಕೆಯ ತುಣುಕು ಹೊತ್ತು ತೊಡೆಸಂದಿಯ ಪುಟ್ಟ ಗ್ರಂಥಿಗಳಿಗೆ ಹೋಗುತ್ತವೆ. ಮೈಯ ಗರಡಿಮನೆ ಅದೇ.

0:56–1:26

ದೃಶ್ಯ: ಗ್ರಂಥಿಯೊಳಗೆ ಕೆಮ್ಮಣ್ಣಿನ ಅಖಾಡ. ಸುತ್ತ ನೂರಾರು ಬಿ ಕಣಗಳು, ಒಂದೊಂದರ ಕೈ ಒಂದೊಂದು ಆಕಾರ. ಒಂದು ಮಾತ್ರ ತುಣುಕನ್ನು ಹಿಡಿಯುತ್ತದೆ. ಇಲ್ಲಿ ಆತುರ ಬೇಡ, ಚಿತ್ರ ನಿಧಾನಕ್ಕೆ ಓಡಲಿ.

ಧ್ವನಿ: ಇಲ್ಲಿ ಬಿ ಕಣ ಅನ್ನೋ ಬಿಳಿ ರಕ್ತಕಣಗಳಿವೆ. ಒಂದೊಂದಕ್ಕೂ ಒಂದೇ ಒಂದು ಪಟ್ಟು ಗೊತ್ತು. ಈ ತುಣುಕನ್ನು ಹಿಡಿಯುವ ಪಟ್ಟು ಯಾವುದಕ್ಕಿದೆಯೋ ಅದು ಬೆಳೆಯುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮರಿಗಳ ಪಟ್ಟು ಸ್ವಲ್ಪ ಸ್ವಲ್ಪ ಬೇರೆ. ಬಿಗಿಯಾಗಿ ಹಿಡಿದವು ಉಳಿಯುತ್ತವೆ, ಜಾರಿದವು ಸಾಯುತ್ತವೆ. ವಾರಗಟ್ಟಲೆ ಇದೇ ಸಾಮು. ಗೆದ್ದವುಗಳಲ್ಲಿ ಕೆಲವು ಪ್ರತಿಕಾಯ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ನಿಜವಾದ ವಿಷ ಬಂದ ದಿನ ಅದನ್ನು ನರ ಮುಟ್ಟುವ ಮೊದಲೇ ಹಿಡಿಯುವುದು ಈ ಪ್ರತಿಕಾಯ. ಇನ್ನು ಕೆಲವು ಕಣಗಳು ಸುಮ್ನೆ ಇರುತ್ತವೆ, ಆದರೆ ಪಟ್ಟು ಮರೆಯುವುದಿಲ್ಲ.

1:26–1:44

ದೃಶ್ಯ: ತಾಯಿ ಕಾರ್ಡ್. 6, 10, 14 ವಾರದ ಮನೆಗಳು. ಪಕ್ಕದಲ್ಲಿ ಏರುವ ಗೆರೆ: ಮೊದಲು ಗಿಡ್ಡ, ಆಮೇಲೆ ಎತ್ತರ.

ಧ್ವನಿ: ಮೂರು ಸಲ ಯಾಕೆ? ಮೊದಲ ಸಲ ಪ್ರತಿಕಾಯ ಕಮ್ಮಿ, ಬೇಗ ಇಳಿದೂ ಹೋಗುತ್ತದೆ. ನಾಲ್ಕು ವಾರ ಬಿಟ್ಟು ಮತ್ತೆ ಕೊಟ್ಟರೆ ಪಟ್ಟು ಕಲಿತ ಕಣಗಳು ತಕ್ಷಣ ಏಳುತ್ತವೆ. ಈ ಸಲ ಪ್ರತಿಕಾಯ ಜಾಸ್ತಿ, ಹಿಡಿತವೂ ಗಟ್ಟಿ. ಊರಿಗೆ ಹೋಗಿ ಒಂದು ಡೋಸ್ ತಪ್ಪಿತಾ? ಮೊದಲಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಆಯ್ತು.

1:44–2:00

ದೃಶ್ಯ: ರಾತ್ರಿ, ಮಗುವಿನ ಹಣೆ ಮುಟ್ಟಿ ನೋಡುವ ಅಜ್ಜಿ. ಕೊನೆಗೆ ಪರದೆಯ ತುಂಬ ಬರಹ: "16–24 ತಿಂಗಳಿಗೆ ಡಿಪಿಟಿ ಬೂಸ್ಟರ್. 5–6 ವರ್ಷಕ್ಕೆ ಇನ್ನೊಂದು. 10 ಮತ್ತು 16 ವರ್ಷಕ್ಕೆ ಟಿಡಿ."

ಧ್ವನಿ: ಇವತ್ತು ರಾತ್ರಿ ಮೈ ಬಿಸಿಯಾಗಬಹುದು. ಒಳಗೆ ಕೆಲಸ ನಡೀತಿದೆ, ಅಷ್ಟೇ. ಸಿಸ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ, ಹಾಲು ಕುಡಿಸುತ್ತಿರಿ. ಜ್ವರ ಎರಡು ದಿನ ದಾಟಿದರೆ, ಫಿಟ್ಸ್ ಬಂದರೆ, ಮಗು ಹಾಲು ಬಿಟ್ಟರೆ ತಡ ಮಾಡದೆ ಇಲ್ಲಿಗೆ ಕರೆತನ್ನಿ. ಮುಂದಿನ ಸಲ ಬರುವಾಗ ತಾಯಿ ಕಾರ್ಡ್ ಮರೀಬೇಡಿ.